ಶಟಲ್ ಮಾಯವಾಗುವುದು, ಒಂದು ಎರಡಾಗುವುದು

ಕೇಳುಗರಿಗೆ ನಮಸ್ಕಾರ.

ಹುಬ್ಬಳ್ಳಿಯಲ್ಲಿ ಮಕ್ಕಳಿಗೆ ಬ್ಯಾಡ್ಮಿಂಟನ್ ಕಲಿಸುವ ಕೋಚ್ ಒಬ್ಬರು ಮೊಬೈಲಿನಲ್ಲಿ ಆಟದ ವಿಡಿಯೊ ತೆಗೆದು, ಶಟಲ್ ಹೋದ ದಾರಿಯನ್ನು ಕಂಪ್ಯೂಟರಿನಿಂದ ಗುರುತಿಸಿ ಮಕ್ಕಳಿಗೆ ತೋರಿಸುತ್ತಾರೆ. ಅವರು ನನ್ನನ್ನು ಕೇಳಿದ್ದು ಇಷ್ಟು: "ಸ್ಮ್ಯಾಶ್ ಹೊಡದ ಕೂಡ್ಲೇ ಕಾಕ್ ಮಾಯ ಆಗತೈತ್ರೀ. ಮುಂದ ನೋಡಿದ್ರ ಎರಡೆರಡು ಕಾಣತಾವ. ಯಾಕ್ರೀ?"

ಮಾಯವಾಗುವುದು ಒಂದು ರೋಗ, ಎರಡಾಗುವುದು ಇನ್ನೊಂದು ರೋಗ ಎಂದು ಅವರು ತಿಳಿದಿದ್ದರು. ಬಹಳ ಸಲ ಎರಡಕ್ಕೂ ಕಾರಣ ಒಂದೇ.

ವಿಡಿಯೊ ಅಂದರೆ ಒಂದರ ಹಿಂದೊಂದು ಬರುವ ಫೋಟೊಗಳು. ಸಾಮಾನ್ಯ ಮೊಬೈಲ್ ವಿಡಿಯೊದಲ್ಲಿ ಸೆಕೆಂಡಿಗೆ 30. ಕಂಪ್ಯೂಟರ್ ಪ್ರತಿ ಫೋಟೊದಲ್ಲೂ ಶಟಲನ್ನು ಹುಡುಕುತ್ತದೆ. ಆದರೆ ಬಿಳಿ ಚುಕ್ಕೆ ಬೇರೆ ಕಡೆಯೂ ಇರುತ್ತವೆ: ಬೂಟು, ಟ್ಯೂಬ್‌ಲೈಟ್, ನೆಟ್ಟಿನ ಮೇಲಿನ ಬಿಳಿ ಪಟ್ಟಿ. ಅದಕ್ಕೇ ಅದು ಒಂದು ಅಂದಾಜು ಹಾಕುತ್ತದೆ. ಹಿಂದಿನ ಎರಡು ಫೋಟೊಗಳಲ್ಲಿ ಶಟಲ್ ಇಷ್ಟು ದೂರ ಹೋಗಿದೆ, ಮುಂದೆಯೂ ಅಷ್ಟೇ ಹೋಗಬೇಕು ಎಂದು ಆ ಜಾಗದ ಸುತ್ತ ಒಂದು ಸಣ್ಣ ವೃತ್ತ ಹಾಕಿ, ಅದರೊಳಗೆ ಮಾತ್ರ ನೋಡುತ್ತದೆ.

ಚೆಂಡಾಗಿದ್ದರೆ ಈ ಲೆಕ್ಕ ಸಾಕು. ಶಟಲಿಗೆ ಸಾಲದು. ಅದರ ತೂಕ ಬರೀ 5 ಗ್ರಾಂ ಸುಮಾರು, ಜೊತೆಗೆ 16 ಗರಿಗಳು ಗಾಳಿಯನ್ನು ತಡೆಯುತ್ತವೆ. ವೇಗವಾಗಿ ಹೊರಟ ಶಟಲ್ ಮೂರು, ಮೂರೂಕಾಲು ಮೀಟರ್ ಹೋಗುವಷ್ಟರಲ್ಲಿ ಅರ್ಧ ವೇಗ ಕಳೆದುಕೊಂಡಿರುತ್ತದೆ.

ಒಂದು ಸ್ಮ್ಯಾಶ್ ತೆಗೆದುಕೊಳ್ಳೋಣ. ರ‍್ಯಾಕೆಟ್ ಬಿಡುವಾಗ ಗಂಟೆಗೆ 200 ಕಿ.ಮೀ. ವೇಗ. ಮೊದಲ ಫೋಟೊದಿಂದ ಎರಡನೆಯದಕ್ಕೆ ಅದು ಸುಮಾರು 156 ಸೆಂಟಿಮೀಟರ್ ಸಾಗುತ್ತದೆ. ಮೂರನೆಯದಕ್ಕೂ 156 ಸೆಂಟಿಮೀಟರ್ ಎಂದು ಕಂಪ್ಯೂಟರ್ ಕಾಯುತ್ತದೆ. ಶಟಲ್ ಸಾಗುವುದು 117 ಮಾತ್ರ, ಅಂದರೆ 39 ಕಡಿಮೆ. ವೃತ್ತ 30 ಸೆಂಟಿಮೀಟರಿನದಾಗಿದ್ದರೆ ಶಟಲ್ ಅದರ ಹೊರಗೇ ಉಳಿಯಿತು. ಕಣ್ಣೆದುರೇ ಇದ್ದರೂ ಕಂಪ್ಯೂಟರಿನ ಪಾಲಿಗೆ ಅದು ಮಾಯ.

ಈಗ ಎರಡಾಗುವುದನ್ನು ನೋಡಿ. ಹಳೆಯ ಗುರುತನ್ನು ಕಂಪ್ಯೂಟರ್ ತಕ್ಷಣ ಬಿಡುವುದಿಲ್ಲ, ಅಂದಾಜಿನ ದಾರಿಯಲ್ಲೇ ನಾಲ್ಕಾರು ಫೋಟೊ ಮುಂದೆ ನಡೆಸುತ್ತದೆ. ಅಷ್ಟರಲ್ಲಿ ವೃತ್ತದ ಹೊರಗೆ ಕಂಡ ನಿಜವಾದ ಶಟಲಿಗೆ ಹೊಸ ಗುರುತು ಕೊಟ್ಟಿರುತ್ತದೆ. ಪರದೆಯ ಮೇಲೆ ಎರಡು ಶಟಲ್. ಮುಂದೆ ಓಡುವುದು ಸುಳ್ಳಿನದು, ಹಿಂದೆ ಉಳಿದದ್ದು ನಿಜವಾದದ್ದು.

ಹಾಗಾದರೆ ವೃತ್ತವನ್ನೇ ದೊಡ್ಡದು ಮಾಡಿದರಾಯ್ತು, ಅಲ್ವಾ? ಆಗ ಆಟಗಾರನ ಬೂಟೂ ಒಳಗೆ ಬರುತ್ತದೆ, ಗುರುತು ಅದಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಅದಕ್ಕಿಂತ ಅಂದಾಜಿನಲ್ಲೇ ಗಾಳಿಯ ತಡೆಯನ್ನು ಸೇರಿಸುವುದು ಒಳ್ಳೆಯದು. ಇನ್ನೂ ಸುಲಭದ ದಾರಿ ಮೊಬೈಲಿನಲ್ಲೇ ಇದೆ. ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಫೋಟೊ ತೆಗೆದರೆ, ಅದೇ ಸ್ಮ್ಯಾಶಿನಲ್ಲಿ 39 ಸೆಂಟಿಮೀಟರಿನ ತಪ್ಪು ಒಂದೇ ಸೆಂಟಿಮೀಟರಿಗೆ ಇಳಿಯುತ್ತದೆ. ಹಳೆಯ ಅಂದಾಜೇ ಸಾಕಾಗುತ್ತದೆ.

ಬಾಣಕ್ಕೆ ಈ ತೊಂದರೆ ಇಲ್ಲ. ಅದೂ ಹೆಚ್ಚುಕಡಿಮೆ ಇಷ್ಟೇ ವೇಗದಲ್ಲಿ ಬಿಲ್ಲು ಬಿಡುತ್ತದೆ, ಆದರೆ ದಾರಿಯಲ್ಲಿ ಕಳೆದುಕೊಳ್ಳುವ ವೇಗ ಬಹಳ ಕಡಿಮೆ. ಬಾಣ ಮಾಯವಾದರೆ ಅದು ಅಂದಾಜಿನ ತಪ್ಪಲ್ಲ, ಬಾಣ ತೀರಾ ತೆಳ್ಳಗಿರುವುದರಿಂದ.

ಇನ್ನೊಂದು ಮಾತು, ಬೆಳಕಿನದು. ಒಳಾಂಗಣದ ಮಂದ ಬೆಳಕಿನಲ್ಲಿ ಕ್ಯಾಮೆರಾ ತನ್ನ ಕಣ್ಣನ್ನು ಜಾಸ್ತಿ ಹೊತ್ತು ತೆರೆದಿಡುತ್ತದೆ. ಸೆಕೆಂಡಿನ 60ನೇ ಒಂದು ಭಾಗ ತೆರೆದಿದ್ದರೂ ಆ ಸ್ಮ್ಯಾಶ್ ಮುಕ್ಕಾಲು ಮೀಟರಿಗಿಂತ ಉದ್ದದ ಮಸುಕು ಗೆರೆಯಾಗುತ್ತದೆ. ಹಿಂದಿನ ಗೋಡೆ ಬಿಳಿಯಾಗಿದ್ದರೆ ಆ ಗೆರೆಯೂ ಕಾಣದು. ಶಟರನ್ನು, ಅಂದರೆ ಆ ಕಣ್ಣು ತೆರೆದಿರುವ ಹೊತ್ತನ್ನು, ಸೆಕೆಂಡಿನ 1000ನೇ ಒಂದು ಭಾಗಕ್ಕೆ ಇಳಿಸಿದರೆ ಮಸುಕು ಐದಾರು ಸೆಂಟಿಮೀಟರ್, ಹೆಚ್ಚುಕಡಿಮೆ ಶಟಲಿನಷ್ಟೇ ಅಗಲ. ಚಿತ್ರ ಕಪ್ಪಾಗುತ್ತದೆ ನಿಜ, ಅದಕ್ಕೆ ದೀಪ ಹೆಚ್ಚಿಸಬೇಕು.

ಕೋಚ್‌ಗಳಿಗೆ ನಾನು ಹೇಳುವ ಪರೀಕ್ಷೆ ಹೀಗಿದೆ. ಗುರುತಿನ ಚುಕ್ಕೆಗಳನ್ನೆಲ್ಲ ಒಂದೇ ಚಿತ್ರದ ಮೇಲೆ ಹಾಕಿ ನೋಡಿ. ಸ್ಮ್ಯಾಶಿನ ಚುಕ್ಕೆಗಳ ನಡುವಿನ ಅಂತರ ಮೊದಮೊದಲು ಬೇಗ, ಆಮೇಲೆ ನಿಧಾನವಾಗಿ ಕಿರಿದಾಗಬೇಕು. ಎಲ್ಲ ಅಂತರವೂ ಒಂದೇ ಸಮ ಕಂಡರೆ ಅದು ಕಂಪ್ಯೂಟರಿನ ಅಂದಾಜಿನ ದಾರಿ, ಶಟಲಿನದಲ್ಲ. ಆಟಗಾರರು ಹೊಡೆಯದ ಜಾಗದಲ್ಲಿ ಚುಕ್ಕೆಗಳ ಸಾಲು ತಿರುಗಿದ್ದರೆ ಗುರುತು ಬೇರೆ ವಸ್ತುವಿಗೆ ಹಾರಿದೆ. ಇದನ್ನು ನೋಡುವಾಗ ಕ್ಯಾಮೆರಾ ಕೋರ್ಟಿನ ಪಕ್ಕದಲ್ಲಿರಲಿ. ಹಿಂದೆ ಇಟ್ಟರೆ ಶಟಲ್ ನೇರ ಕ್ಯಾಮೆರಾದ ಕಡೆಗೇ ಬರುತ್ತದೆ, ಚುಕ್ಕೆಗಳು ಒಂದರ ಮೇಲೊಂದು ಬಿದ್ದು ಅಂತರವೇ ಸಿಗುವುದಿಲ್ಲ.

ನಮಸ್ಕಾರ.