ನಲವತ್ತು ನಿಮಿಷದ ಪಾಠ, ಬರೀ 6 ಎಂಬಿ!

ನಮಸ್ಕಾರ. ಪಾವಗಡದ ಕಡೆಯ ಮೇಷ್ಟ್ರೊಬ್ಬರು ಕಾಮೆಂಟಿನಲ್ಲಿ ಕೇಳಿದ್ದರು: "ಎಸ್ಸೆಸ್ಸೆಲ್ಸಿ ಗಣಿತದ ಪಾಠ ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕ್ತೀನಿ, ಅರ್ಧ ಮಕ್ಕಳಿಗೆ ಡೌನ್‌ಲೋಡೇ ಆಗಲ್ಲ. ಏನ್ ಮಾಡ್ಲಿ?"

ಲೆಕ್ಕ ನೋಡೋಣ. 720ಪಿ ವಿಡಿಯೋ ಸೆಕೆಂಡಿಗೆ 1.5 ಮೆಗಾಬಿಟ್ ಅಂತ ಹಿಡಿದರೆ, 40 ನಿಮಿಷಕ್ಕೆ 450 ಎಂಬಿ. ಸಂಜೆ ನೆಟ್ 200 ಕಿಲೋಬಿಟ್‌ಗೆ ಇಳಿದರೆ ಐದು ಗಂಟೆ ಬೇಕು. ಅಷ್ಟರಲ್ಲಿ ಕರೆಂಟೂ ಹೋಗಿರುತ್ತೆ.

ಅದಕ್ಕೇ ವಿಡಿಯೋ ಬಿಡಿ. ದನಿ ಮತ್ತು ಬೋರ್ಡಿನ ಫೋಟೋ ಸಾಕು. ವಿಡಿಯೋದಿಂದ ದನಿ ಮಾತ್ರ ತೆಗೆಯೋಕೆ ಕಂಪ್ಯೂಟರಿನಲ್ಲಿ ffmpeg ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಈ ಕಮಾಂಡ್ ಓಡಿಸಿ:

```
ffmpeg -i class.mp4 -vn -ac 1 -c:a libopus -b:a 16k class.ogg
```

40 ನಿಮಿಷದ ದನಿ ಈಗ ಸುಮಾರು 4.8 ಎಂಬಿ. 100 ಕೆಬಿಗೆ ಇಳಿಸಿದ ಹನ್ನೆರಡು ಫೋಟೋ ಸೇರಿಸಿದರೆ 6 ಎಂಬಿ. ಅದೇ ನೆಟ್ಟಿನಲ್ಲಿ ನಾಲ್ಕೇ ನಿಮಿಷ!

ಇಷ್ಟು ಚಿಕ್ಕದಾಗಿದ್ದು ಹೇಗೆ? ಇದು ನನಗೆ ತುಂಬಾ ಇಷ್ಟವಾದ ಭಾಗ, ಸ್ವಲ್ಪ ನಿಲ್ತೀನಿ. ಕಮಾಂಡಿನಲ್ಲಿರೋ ಓಪಸ್ ಒಂದು ಕೊಡೆಕ್, ಅಂದರೆ ದನಿಯನ್ನು ಹಿಂಡಿ ಚಿಕ್ಕದು ಮಾಡೋ ವಿಧಾನ. ಅದು 2012ರಲ್ಲಿ ಮಾನದಂಡವಾಯಿತು. ಮಾತಿಗೆ ಅದು ಬಳಸುವ ಭಾಗ ಸ್ಕೈಪ್‌ನವರದ್ದು. ಅದು ದನಿಯನ್ನು ಇದ್ದ ಹಾಗೇ ಕಳಿಸಲ್ಲ. ಗಂಟಲು ಹೇಗೆ ಅದುರ್ತಿದೆ, ಬಾಯಿ ಯಾವ ಆಕಾರದಲ್ಲಿದೆ ಅಂತ ಸೆಕೆಂಡಿಗೆ ಸುಮಾರು 50 ಸಲ ಬರೆದು ಕಳಿಸುತ್ತೆ. ಆ ಕಡೆಯ ಫೋನು ಅದನ್ನು ಓದಿ ಮಿಮಿಕ್ರಿ ಮಾಡುತ್ತೆ. ಮಗು ಕೇಳೋದು ಮೇಷ್ಟ್ರ ದನಿಯನ್ನು ಮಿಮಿಕ್ರಿ ಮಾಡೋ ಕಲಾವಿದನನ್ನು, ಅಷ್ಟೇ!

ಮಿಮಿಕ್ರಿ ಗಂಟಲಿಗೆ ಮಾತ್ರ ಬರುತ್ತೆ, ಫ್ಯಾನಿಗೆ ಬರಲ್ಲ. ಫ್ಯಾನ್ ಗುರ್ರ್ ಅಂದರೆ ಇದ್ದ ಬಿಟ್‌ಗಳೆಲ್ಲ ಅದಕ್ಕೇ ಖರ್ಚಾಗಿ ಮಾತು ಮಸುಕಾಗುತ್ತೆ. ಫ್ಯಾನ್ ಆರಿಸಿ, ಮೈಕ್ ಹತ್ತಿರ ಹಿಡಿಯಿರಿ.

ಹಾಗಂತ ಆಸೆಬಿದ್ದು ಕಮಾಂಡಿನ 16 ಕಿಲೋಬಿಟ್ಟನ್ನು 6ಕ್ಕೆ ಇಳಿಸಬೇಡಿ. ಆಗ 4 ಕಿಲೋಹರ್ಟ್ಸ್‌ಗಿಂತ ಮೇಲಿನ ಸದ್ದು ಕತ್ತರಿಸಿ ಹೋಗುತ್ತೆ. 'ಸ'ಕಾರದ ಸುಯ್ಯನ್ನೋ ಸದ್ದು ಹೆಚ್ಚಾಗಿ ಇರೋದೇ ಅಲ್ಲಿ. ಪರೀಕ್ಷೆ ಸುಲಭ: "ಸಾಲೆ, ಶಾಲೆ" ಅಂತ ರೆಕಾರ್ಡ್ ಮಾಡಿ, ಅಗ್ಗದ ಫೋನಿನಲ್ಲಿ ಕೇಳಿ. ಎರಡೂ ಒಂದೇ ಥರ ಕೇಳಿದರೆ ಜಾಸ್ತಿ ಇಳಿಸಿದ್ದೀರಿ ಅಂತ ಅರ್ಥ.

ತಾಂತ್ರಿಕತೆಗಿಂತ ದೊಡ್ಡ ತೊಂದರೆ ಮೇಷ್ಟ್ರ ಅಭ್ಯಾಸದ್ದು. "ಇದರಿಂದ ಇದನ್ನ ಕಳೆದ್ರೆ ಇದು ಬರುತ್ತೆ, ಅಲ್ವಾ?" ಬೋರ್ಡ್ ಮುಂದೆ ಸರಿ. ಬರೀ ದನಿಯಲ್ಲಿ ಯಾವುದರಿಂದ ಯಾವುದು? "3ನೇ ಫೋಟೋ ನೋಡಿ. ಬಿ ಸ್ಕ್ವೇರ್ ಮೈನಸ್ ನಾಲ್ಕು ಎಸಿ" ಅಂತ ಬಾಯಿಬಿಟ್ಟು ಹೇಳಬೇಕು. ರೇಖಾಗಣಿತದ ರಚನೆಗೆ ಮಾತ್ರ ಇದು ಸಾಲದು, ಕೈವಾರ ತಿರುಗೋದು ಕಾಣಲೇಬೇಕು. ಅಷ್ಟಕ್ಕೆ ಎರಡು ನಿಮಿಷದ ವಿಡಿಯೋ ಬೇರೆ ಹಾಕಿ.

ಟೈಮ್ ಆಯ್ತು, ಉಳಿದಿದ್ದು ಚಕಚಕ. ಹತ್ತು ನಿಮಿಷಕ್ಕೊಂದು ತುಂಡು ಮಾಡಿ. ನೆಟ್ ಕಡಿದರೆ ಆ 1.2 ಎಂಬಿ ಮಾತ್ರ ಮತ್ತೆ ಇಳಿಸಿದರಾಯ್ತು. ಫೋಟೋಗಳನ್ನು ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲದಿದ್ದರೆ ವಾಟ್ಸಾಪ್ ಮತ್ತೊಮ್ಮೆ ಹಿಂಡಿ ಅಕ್ಷರ ಕಲಸಿಬಿಡುತ್ತೆ. ಹಳೇ ಕೀಪ್ಯಾಡ್ ಫೋನಿನಲ್ಲಿ ಓಪಸ್ ಓಡದಿದ್ದರೆ 32 ಕಿಲೋಬಿಟ್ ಎಂಪಿ3 ಮಾಡಿ. ಆಗ 9.6 ಎಂಬಿ ಆಗುತ್ತೆ, ಮೆಮೊರಿ ಕಾರ್ಡಿಗೆ ಹಾಕಿಕೊಟ್ಟರೆ ನೆಟ್ಟೇ ಬೇಡ.