ಜೆರ್ಸಿಯೊಳಗಿನ ಬೆಳ್ಳಿ

ಕೇಳುಗರೇ, ನಮಸ್ಕಾರ.

ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಓಡುವವರನ್ನು ನೋಡಿ. ಮಂಡ್ಯದ ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಆಡುವ ಹುಡುಗರನ್ನು ನೋಡಿ. ಹೆಚ್ಚಿನವರ ಮೈಮೇಲೆ ಪಾಲಿಯೆಸ್ಟರ್ ಟೀ ಶರ್ಟೇ. ಹಗುರ, ಬೇಗ ಒಣಗುತ್ತದೆ. ಆದರೆ ಬೆವರಿದರೆ ನಾರುತ್ತದೆ. ಅದಕ್ಕೇ ಅಂಗಡಿಗಳಲ್ಲಿ ಈಗ ಇನ್ನೊಂದು ಬಗೆಯ ಶರ್ಟ್ ತೋರಿಸುತ್ತಾರೆ. ಕುತ್ತಿಗೆ ಹತ್ತಿರ ನೇತಾಡುವ ಚೀಟಿಯಲ್ಲಿ ‘ಆ್ಯಂಟಿ ಬ್ಯಾಕ್ಟೀರಿಯಲ್’ ಎಂದೋ, ‘ಸಿಲ್ವರ್’ ಎಂದೋ ಬರೆದಿರುತ್ತದೆ. ಕೆಳಗೆ ಶೇಕಡಾ 99.9 ಬ್ಯಾಕ್ಟೀರಿಯಾ ಸಾಯುತ್ತವೆ ಅನ್ನುವ ಅಂಕಿ. ಬೆಲೆಯೂ ಒಂದಿಷ್ಟು ಜಾಸ್ತಿ.

ಚೀಟಿಯಲ್ಲಿ ಇರುವುದು ಸುಳ್ಳು ಅಂತ ನಾನು ಹೇಳುವುದಿಲ್ಲ. ಬಟ್ಟೆಯಲ್ಲಿ ನಿಜವಾಗಿಯೂ ಬೆಳ್ಳಿ ಇರುತ್ತದೆ. ಬೆವರು ನಾರುವಂತೆ ಮಾಡುವ ಬ್ಯಾಕ್ಟೀರಿಯಾವನ್ನು ಬೆಳ್ಳಿ ಕೊಲ್ಲುವುದೂ ನಿಜ. ಹಾಗಾದರೆ ತಕರಾರು ಎಲ್ಲಿ?

ಮೊದಲು, ಬೆಳ್ಳಿ ಬಟ್ಟೆಗೆ ಹೇಗೆ ಬರುತ್ತದೆ ನೋಡೋಣ. ಸುಲಭದ ದಾರಿ ಅಂದರೆ ನೇಯ್ದು, ಬಣ್ಣ ಹಾಕಿದ ಬಟ್ಟೆಯನ್ನು ಬೆಳ್ಳಿಯ ಉಪ್ಪು ಬೆರೆಸಿದ ನೀರಿನ ತೊಟ್ಟಿಯಲ್ಲಿ ಹಾಯಿಸಿ, ಎರಡು ರೋಲರ್ ಮಧ್ಯೆ ಹಿಂಡಿ, ಬಿಸಿಗಾಳಿಯಲ್ಲಿ ಒಣಗಿಸುವುದು. ಇಲ್ಲಿ ಬೆಳ್ಳಿ ಎಳೆಯ ಮೇಲ್ಮೈಯಲ್ಲಿ ಅಂಟಿಕೊಂಡಿರುತ್ತದೆ. ಇನ್ನೊಂದು ದಾರಿಯಲ್ಲಿ ಪಾಲಿಯೆಸ್ಟರ್ ಕರಗಿರುವಾಗಲೇ ಬೆಳ್ಳಿಯ ಸಂಯುಕ್ತವನ್ನು ಬೆರೆಸಿ, ಆಮೇಲೆ ನೂಲು ತೆಗೆಯುತ್ತಾರೆ. ಆಗ ಬೆಳ್ಳಿ ಎಳೆಯ ಒಳಗಿರುತ್ತದೆ. ಎಷ್ಟಿರುತ್ತದೆ? ಬಟ್ಟೆಯಿಂದ ಬಟ್ಟೆಗೆ ಬೇರೆ. ಒಂದು ಕಿಲೋ ಬಟ್ಟೆಗೆ 20 ಮಿಲಿಗ್ರಾಂ ಅಂದುಕೊಳ್ಳಿ. 150 ಗ್ರಾಂ ತೂಗುವ ಶರ್ಟಿನಲ್ಲಿ ಬರೀ 3 ಮಿಲಿಗ್ರಾಂ ಆಯಿತು. ಅಷ್ಟು ಬೆಳ್ಳಿಯನ್ನು ಅಕ್ಕಸಾಲಿಗರ ಬಳಿ ಕೊಂಡೊಯ್ದರೆ ನಕ್ಕು ಕಳಿಸುತ್ತಾರೆ.

ಇನ್ನು ಮುಖ್ಯವಾದ ಮಾತು. ಸುಮ್ನೆ ಬಟ್ಟೆಯಲ್ಲಿ ಕೂತಿರುವ ಬೆಳ್ಳಿ ಏನೂ ಮಾಡುವುದಿಲ್ಲ. ತೇವ ತಾಗಿದಾಗ ಅದರಿಂದ ಅಯಾನುಗಳು, ಅಂದರೆ ವಿದ್ಯುತ್ ಅಂಶ ಹೊತ್ತ ಬೆಳ್ಳಿಯ ಕಣಗಳು, ಬಿಟ್ಟು ಹೊರಬರಬೇಕು. ಅವು ಬ್ಯಾಕ್ಟೀರಿಯಾದ ಪ್ರೋಟೀನುಗಳಲ್ಲಿರುವ ಗಂಧಕಕ್ಕೆ ಅಂಟಿಕೊಂಡು ಅದರ ಕೆಲಸ ಕೆಡಿಸುತ್ತವೆ. ಅಂದರೆ ಬೆಳ್ಳಿ ಕೆಲಸ ಮಾಡಬೇಕಾದರೆ ಬಟ್ಟೆ ಬಿಟ್ಟು ಹೋಗಲೇಬೇಕು. ಗಟ್ಟಿಯಾಗಿ ಹಿಡಿದಿಟ್ಟರೆ ಬಹಳ ದಿನ ಬಾಳುತ್ತದೆ, ಆದರೆ ಕೊಲ್ಲುವ ಶಕ್ತಿ ಕಡಿಮೆ. ಸಡಿಲ ಬಿಟ್ಟರೆ ಚೆನ್ನಾಗಿ ಕೊಲ್ಲುತ್ತದೆ, ಆದರೆ ಒಗೆದ ನೀರಿನಲ್ಲಿ ಹೊರಟೇ ಹೋಗುತ್ತದೆ. ಎರಡನ್ನೂ ಒಟ್ಟಿಗೆ ಪೂರ್ತಿಯಾಗಿ ಪಡೆಯುವುದು ಕಷ್ಟ.

ಒಗೆದರೆ ಎಷ್ಟು ಹೋಗುತ್ತದೆ ಅನ್ನುವುದನ್ನು ಅಳೆದು ನೋಡಿದ್ದಾರೆ. ಅಮೆರಿಕದ ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದವರು 2008ರಲ್ಲಿ ಅಂಗಡಿಯಿಂದ ತಂದ ಬೆಳ್ಳಿ ಕಾಲುಚೀಲಗಳನ್ನು ಬಟ್ಟಿ ಇಳಿಸಿದ ನೀರಿನಲ್ಲಿ, ಸೋಪು ಕೂಡ ಹಾಕದೆ, ಜಾಲಾಡಿದರು. ಕೆಲವು ಕಾಲುಚೀಲಗಳಲ್ಲಿ ನಾಲ್ಕೇ ಸಲಕ್ಕೆ ಹೆಚ್ಚುಕಡಿಮೆ ಎಲ್ಲ ಬೆಳ್ಳಿಯೂ ಖಾಲಿ. ಕೆಲವು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದವು. ಸ್ವೀಡನ್ನಿನ ರಾಸಾಯನಿಕ ಇಲಾಖೆ 2011ರಲ್ಲಿ ಬಟ್ಟೆಗಳನ್ನು ಹತ್ತು ಸಲ ಒಗೆಸಿ ಅಳೆಯಿತು. ಒಂದರಲ್ಲಿ ಶೇಕಡಾ 10ರಷ್ಟು ಬೆಳ್ಳಿ ಹೋಗಿತ್ತು, ಇನ್ನೊಂದರಲ್ಲಿ ಶೇಕಡಾ 98. ಇಷ್ಟು ದೊಡ್ಡ ಅಂತರ ಇರುವಾಗ ಚೀಟಿ ನೋಡಿ ನೀವು ಯಾವುದನ್ನು ಕೊಂಡಿರಿ ಅಂತ ಹೇಳುವುದು ಹೇಗೆ? ದಿನಾ ಓಡುವವರು ವಾರಕ್ಕೆ ಮೂರು ಸಲ ಒಗೆದರೂ ಹತ್ತು ಒಗೆತ ಒಂದು ತಿಂಗಳೊಳಗೆ ಮುಗಿಯುತ್ತದೆ.

ಈಗ ಆ 99.9ಕ್ಕೆ ಬರೋಣ. ಇದು ಪ್ರಯೋಗಾಲಯದ ಅಂಕಿ. ಒಂದು ಪದ್ಧತಿಯಲ್ಲಿ 0.4 ಗ್ರಾಂ ಬಟ್ಟೆಯ ತುಂಡನ್ನು ಪುಟ್ಟ ಸೀಸೆಯಲ್ಲಿಟ್ಟು, ಬ್ಯಾಕ್ಟೀರಿಯಾ ಇರುವ ದ್ರವವನ್ನು ಅದರ ಮೇಲೆ ಹನಿಸಿ, ಮುಚ್ಚಳ ಮುಚ್ಚಿ, 37 ಡಿಗ್ರಿ ಬಿಸಿಯಲ್ಲಿ 18ರಿಂದ 24 ಗಂಟೆ ಬಿಡುತ್ತಾರೆ. ಆಮೇಲೆ ಬೆಳ್ಳಿ ಇಲ್ಲದ ಬಟ್ಟೆಯ ಜೊತೆ ಹೋಲಿಸಿ ಉಳಿದವನ್ನು ಎಣಿಸುತ್ತಾರೆ. ಬಟ್ಟೆ ಇಡೀ ದಿನ ಒದ್ದೆ, ಬ್ಯಾಕ್ಟೀರಿಯಾಕ್ಕೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ನೀವು ಕೆರೆ ಸುತ್ತ ಓಡುವುದು ಒಂದು ಗಂಟೆ, ಅಲ್ವಾ? ಬ್ಯಾಕ್ಟೀರಿಯಾ ಇರುವುದು ಮುಖ್ಯವಾಗಿ ನಿಮ್ಮ ಕಂಕುಳ ಚರ್ಮದ ಮೇಲೆ. ಬಟ್ಟೆ ಅದಕ್ಕೆ ಒಮ್ಮೆ ತಾಗುತ್ತದೆ, ಒಮ್ಮೆ ಬಿಡುತ್ತದೆ. ಬೆವರಿನಲ್ಲಿ ಬೇರೆ ಉಪ್ಪಿದೆ. ಅದರ ಕ್ಲೋರೈಡ್ ಬೆಳ್ಳಿಯ ಅಯಾನುಗಳನ್ನು ಹಿಡಿದು ಕರಗದ ಪುಡಿ ಮಾಡಿಬಿಡುತ್ತದೆ. ಬೆವರಿನ ಪ್ರೋಟೀನುಗಳೂ ಒಂದಿಷ್ಟನ್ನು ಹಿಡಿದುಕೊಳ್ಳುತ್ತವೆ.

99.9 ಅಂದರೆ ಎಷ್ಟು ಅನ್ನುವುದನ್ನೂ ಒಂದು ಲೆಕ್ಕ ಹಾಕೋಣ. ಬಟ್ಟೆಯಲ್ಲಿ ಹತ್ತು ಲಕ್ಷ ಬ್ಯಾಕ್ಟೀರಿಯಾ ಇವೆ, ಅದರಲ್ಲಿ ಶೇಕಡಾ 99.9 ಸತ್ತವು ಅಂದುಕೊಳ್ಳಿ. ಸಾವಿರ ಉಳಿದವು. ಬೆಚ್ಚಗೆ, ಒದ್ದೆಯಾಗಿ ಚೀಲದಲ್ಲಿ ತುರುಕಿದ ಬಟ್ಟೆಯಲ್ಲಿ ಅವು ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾದರೆ, ಹತ್ತು ಸಲ ದುಪ್ಪಟ್ಟಾಗಲು ಐದು ಗಂಟೆ. ಸಾವಿರ ಮತ್ತೆ ಹತ್ತು ಲಕ್ಷ. ಬೆಳ್ಳಿ ಚುರುಕಾಗಿ ಇದ್ದರೆ ಇಷ್ಟು ಬೇಗ ಬೆಳೆಯಲು ಬಿಡುವುದಿಲ್ಲ, ಸರಿ. ಆದರೆ ಬೆಳ್ಳಿ ತೊಳೆದುಹೋಗಿರುವ ಶರ್ಟಿಗೆ ಆ ಮಾತು ಅನ್ವಯಿಸುವುದಿಲ್ಲ.

ಮೈಮೇಲೆ ಹಾಕಿಕೊಂಡು ನೋಡಿದವರೂ ಇದ್ದಾರೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಲ್ವರ್ ಕ್ಲೋರೈಡ್ ಹಚ್ಚಿದ ಪಾಲಿಯೆಸ್ಟರನ್ನೂ ಹಚ್ಚದಿರುವುದನ್ನೂ ಜನರಿಗೆ ತೊಡಿಸಿ ವಾಸನೆ ಪರೀಕ್ಷಿಸಿದರು. ತೊಟ್ಟಾಗ ವಾಸನೆ ಕಡಿಮೆಯಾದದ್ದು ಕಾಣಲಿಲ್ಲ.

ಹಾಗಾದರೆ ಪಾಲಿಯೆಸ್ಟರೇ ಯಾಕೆ ಇಷ್ಟು ನಾರುತ್ತದೆ? ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು 26 ಜನರಿಗೆ ಸೈಕಲ್ ತುಳಿಸಿ ಬೆವರಿಸಿ, ಅವರ ಶರ್ಟುಗಳನ್ನು 28 ಗಂಟೆ ಇಟ್ಟು ಮೂಸಿಸಿದರು. ಹತ್ತಿಗಿಂತ ಪಾಲಿಯೆಸ್ಟರ್ ಜಾಸ್ತಿ ನಾರಿತು. ಅದರಲ್ಲಿ ಮೈಕ್ರೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆದಿತ್ತು. ಇನ್ನೊಂದು ಕಾರಣ ಎಣ್ಣೆ. ಪಾಲಿಯೆಸ್ಟರ್ ನೀರು ಹೀರುವುದಿಲ್ಲ, ಆದರೆ ಚರ್ಮದ ಜಿಡ್ಡನ್ನು ಗಟ್ಟಿಯಾಗಿ ಹಿಡಿಯುತ್ತದೆ. ವಾಸನೆಯ ಅಣುಗಳು ಆ ಜಿಡ್ಡಿನಲ್ಲಿ ಸೇರಿಕೊಳ್ಳುತ್ತವೆ. ಒಗೆದು ಒಣಗಿಸಿದ ಶರ್ಟ್ ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ತೊಟ್ಟು ಎರಡು ಸುತ್ತು ಓಡಿ ಮೈ ಬಿಸಿಯಾದ ಕೂಡಲೇ ಹಳೇ ವಾಸನೆ ಎದ್ದು ಬರುತ್ತದೆ. ಇಸ್ತ್ರಿ ಹಾಕುವಾಗಲೂ ಇದೇ ಕತೆ. ಹಾಗಾದರೆ ಜಿಡ್ಡು ಹೋಗಿಲ್ಲ ಅಂತ ಅರ್ಥ. ಜಿಡ್ಡನ್ನು ಬೆಳ್ಳಿ ತೆಗೆಯುವುದಿಲ್ಲ.

ಬ್ಯಾಕ್ಟೀರಿಯಾ ಕೊಲ್ಲಲು ಬೆಳ್ಳಿ ಒಂದೇ ಅಲ್ಲ, ಟ್ರೈಕ್ಲೋಸಾನ್, ಜಿಂಕ್ ಪೈರಿಥಿಯೋನ್ ಅನ್ನುವ ರಾಸಾಯನಿಕಗಳನ್ನೂ ಬಳಸುತ್ತಾರೆ. ಟ್ರೈಕ್ಲೋಸಾನ್ ಹಾಕಿದ ಕೈ ತೊಳೆಯುವ ಸೋಪುಗಳನ್ನು ಅಮೆರಿಕ 2016ರಲ್ಲೇ ತಡೆಯಿತು. ಬಟ್ಟೆಯಲ್ಲಿ ಅದು ಬೇಕಾ ಅಂದರೆ, ನನ್ನ ಮಟ್ಟಿಗೆ ಬೇಡವೇ ಬೇಡ. ಇನ್ನು ಬಟ್ಟೆಯ ಎಳೆಗೇ ಬೆಸೆಯುವ, ತಾಗಿದ ಬ್ಯಾಕ್ಟೀರಿಯಾವನ್ನು ಕೊಲ್ಲುವ ಕ್ವಾಟರ್ನರಿ ಅಮೋನಿಯಂ ಬಗೆಯ ರಾಸಾಯನಿಕ. ಅದು ಬೆಳ್ಳಿಯ ಹಾಗೆ ಬಿಟ್ಟು ಹೋಗುವುದಿಲ್ಲ. ಆದರೆ ಅದರ ಮೇಲೆ ಕೊಳೆ ಕೂತರೆ ಬ್ಯಾಕ್ಟೀರಿಯಾ ಅದನ್ನು ತಾಗುವುದೇ ಇಲ್ಲ.

ಹೋದ ಬೆಳ್ಳಿ ಎಲ್ಲಿಗೆ ಹೋಯಿತು? ಚರಂಡಿಗೆ. ಕೊಳಚೆ ನೀರಿನ ಶುದ್ಧೀಕರಣ ಘಟಕ ತಲುಪಿದರೆ ಅದರ ಹೆಚ್ಚಿನ ಭಾಗ ಗಂಧಕದ ಜೊತೆ ಸೇರಿ ಸಿಲ್ವರ್ ಸಲ್ಫೈಡ್ ಆಗಿ ಕೆಸರಿನಲ್ಲಿ ಕೂರುತ್ತದೆ. ಆ ರೂಪದಲ್ಲಿ ಅದರ ವಿಷ ಬಹಳ ಕಡಿಮೆ. ಘಟಕ ಮುಟ್ಟದೆ ನೇರ ಕೆರೆಗೋ ನಾಲೆಗೋ ಸೇರುವ ನೀರಿಗೆ ಈ ಸಮಾಧಾನ ಇಲ್ಲ.

ನಿಮ್ಮ ಹತ್ತಿರ ಈಗಾಗಲೇ ನಾರುವ ಜೆರ್ಸಿ ಇದ್ದರೆ ಹೀಗೆ ಮಾಡಿ. ಓಡಿ ಬಂದ ಮೇಲೆ ಚೀಲದಲ್ಲಿ ಬಿಡಬೇಡಿ, ಹರವಿ. ಅವತ್ತೇ ಒಗೆಯಿರಿ. ಒಳಮೈ ಹೊರಗೆ ಮಾಡಿ, ಉಗುರುಬೆಚ್ಚಗಿನ ನೀರಿಗೆ ಒಗೆಯುವ ಸೋಡಾ ಒಂದು ಚಮಚ ಹಾಕಿ ಅರ್ಧ ಗಂಟೆ ನೆನೆಸಿ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಸೋಡಾ ಚರ್ಮ ಕಡಿಯುತ್ತದೆ. ಆಮೇಲೆ ಡಿಟರ್ಜೆಂಟಿನಲ್ಲಿ ಒಗೆಯಿರಿ. ಬೋರ್‌ವೆಲ್ ನೀರಾದರೆ ಗಡಸು ಇರುತ್ತದೆ, ಪುಡಿ ಸ್ವಲ್ಪ ಜಾಸ್ತಿ ಬೇಕು. ಮೃದುಮಾಡುವ ಪರಿಮಳದ ದ್ರವ ಹಾಕಲೇಬೇಡಿ. ಅದೂ ಒಂದು ಜಿಡ್ಡಿನ ಪದರ, ಹಳೆಯ ವಾಸನೆಯನ್ನು ಒಳಗೇ ಕಟ್ಟಿಹಾಕುತ್ತದೆ. ಹೊಸದು ಕೊಳ್ಳುವಾಗ ಸಿಲ್ವರ್ ಚೀಟಿಗೆ ಹೆಚ್ಚು ದುಡ್ಡು ಕೇಳಿದರೆ, ಎಷ್ಟು ಒಗೆತದ ನಂತರ ಮಾಡಿದ ಪರೀಕ್ಷೆ ಇದು ಅಂತ ಕೇಳಿ. ಉತ್ತರ ಸಿಗದಿದ್ದರೆ ಅದೇ ದುಡ್ಡಿಗೆ ಎರಡು ಸಾದಾ ಶರ್ಟ್ ತಗೊಳ್ಳಿ. ಒಂದು ಒಣಗುತ್ತಿರುವಾಗ ಇನ್ನೊಂದು ಹಾಕಬಹುದು. ನಮಸ್ಕಾರ.