ಹೇಳಿಲ್ಲ ಅಂದ್ರೆ ಇಲ್ಲ ಅಂತ ಅಲ್ಲ: ರೆಕಾರ್ಡ್ ಮಾಡಿದ ಹ್ಯಾಂಡೋವರ್‌ನಿಂದ ನೋಟ್ ಬರೆಯೋದು

ಎಲ್ರಿಗೂ ನಮಸ್ಕಾರ. ಪ್ರಿನ್ಸಿಪಾಲ್ ಮೇಡಂ ನಲವತ್ತು ನಿಮಿಷ ಕೊಟ್ಟಿದಾರೆ, ಅದ್ರಲ್ಲಿ ದೀಪ ಹಚ್ಚೋದ್ರಲ್ಲೇ ಹತ್ತು ಹೋಯ್ತು, ಫ್ಯಾನ್ ಆಫ್ ಮಾಡಿದ್ರೆ ಬೇಗ ಹತ್ತುತ್ತಿತ್ತೇನೋ, ಇರ್ಲಿ. ಹ್ಯಾಂಡೋವರ್ ಅಂದ್ರೇನು, ಎಸ್‌ಬಿಎಆರ್ ಅಂದ್ರೇನು ಅಂತ ನಿಮಗೆ ಹೇಳಲ್ಲ, ಎಕ್ಸಾಮಿಗೆ ಬರ್ದು ಬರ್ದು ನಿಮ್ಮ ಕೈ ನೋವಾಗಿರುತ್ತೆ. ಪರಿಸ್ಥಿತಿ, ಹಿನ್ನೆಲೆ, ಅಂದಾಜು, ಸಲಹೆ ಅಂತ ನಾಲ್ಕು ಭಾಗ ಮಾಡಿ ಹೇಳೋ ಆ ಎಸ್‌ಬಿಎಆರ್ ಅಮೆರಿಕದ ನೌಕಾಪಡೆ ಸಬ್‌ಮರೀನ್‌ಗಳಿಂದ ಆಸ್ಪತ್ರೆಗೆ ಬಂದದ್ದು. ನರ್ಸ್ ಡಾಕ್ಟರಿಗೆ ಫೋನ್ ಮಾಡಿ ಒಬ್ಬ ಪೇಷಂಟಿನ ಒಂದು ತೊಂದ್ರೆ ಹೇಳೋಕೆ ಬಹಳ ಚೆನ್ನಾಗಿದೆ. ಆದ್ರೆ ರಾತ್ರಿ ಎಂಟು ಗಂಟೆಗೆ, ಬಸ್ ತಪ್ಪುತ್ತೆ ಅನ್ನೋ ಅವಸರದಲ್ಲಿ ಇಪ್ಪತ್ತು ಬೆಡ್ಡಿನ ಕಥೆ ಒಂದೇ ಉಸಿರಲ್ಲಿ ಹೇಳೋ ಸಿಸ್ಟರ್ ಸಬ್‌ಮರೀನ್ ನೆನಪಿಟ್ಕೊಂಡು ಮಾತಾಡಲ್ಲ.

ನಾನು ಒಂದು ಆಸ್ಪತ್ರೆಯ ಸರ್ಜಿಕಲ್ ವಾರ್ಡಲ್ಲಿ ಇನ್‌ಚಾರ್ಜ್ ಆಗಿದ್ದಾಗ ಹ್ಯಾಂಡೋವರ್ ರೆಕಾರ್ಡ್ ಮಾಡೋಣ ಅಂತ ಶುರು ಮಾಡಿದ್ವಿ. ವಾರ್ಡಿನದ್ದೇ ಒಂದು ಫೋನ್, ಅದು ವಾರ್ಡ್ ಬಿಟ್ಟು ಹೊರಗೆ ಹೋಗಬಾರದು, ನೋಟ್ ಆದ್ಮೇಲೆ ಅಳಿಸ್ಬೇಕು, ಸ್ವಂತ ಫೋನಲ್ಲಂತೂ ಮಾಡ್ಲೇಬೇಡಿ, ಪೇಷಂಟಿನ ವಿಷಯ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹೋದ್ರೆ ನಿಮ್ಮ ಕೆಲಸ ಹೋಗುತ್ತೆ. ರೆಕಾರ್ಡಿಂಗ್ ಕೇಳಿ ಬೆಡ್ಡಿಗೊಂದು ಚಿಕ್ಕ ನೋಟ್ ಬರ್ದು ನೈಟ್ ಡ್ಯೂಟಿ ಸಿಸ್ಟರ್ ಕೈಗೆ ಕೊಡೋದು ನನ್ನ ಕೆಲಸ. ನನಗೆ ಅಕ್ಷರ ಚೆನ್ನಾಗಿದೆ ಅಂತ ಜಂಬ ಬೇರೆ.

ಏಳನೇ ಬೆಡ್ ಕಥೆ ನನ್ನ ಹಳೇ ಸ್ಟೂಡೆಂಟ್‌ಗಳು ಹತ್ತು ಸಲ ಕೇಳಿದಾರೆ, ಅವರು ಬೇಕಾದ್ರೆ ಮೊಬೈಲ್ ನೋಡ್ಬಹುದು. ಡ್ಯೂಟಿ ಮುಗಿಸಿ ಹೊರಟ ಸಿಸ್ಟರ್ ಹೇಳಿದ್ದು ಹೆಚ್ಚುಕಮ್ಮಿ ಹೀಗೆ, ಒಂದೇ ಉಸಿರಲ್ಲಿ:

"ಸೆವೆನ್‌ನಲ್ಲಿ ಅಂಕಲ್, ಡಯಾಬಿಟಿಕ್ ಫುಟ್, ನಿನ್ನೆ ಸ್ಪೈನಲ್ ಕೊಟ್ಟು ಡಿಬ್ರೈಡ್ಮೆಂಟ್ ಆಯ್ತಲ್ಲ, ಬೆಳಿಗ್ಗೆ ಸ್ವಲ್ಪ ಡಲ್ ಇದ್ರು ಈಗ ಪರ್ವಾಗಿಲ್ಲ, ಬಿಪಿ ಎಲ್ಲ ಓಕೆ, ಶುಗರ್ ನಾಲ್ಕು ಗಂಟೆಗೆ ಟೂ ಏಟಿ ಸಿಕ್ಸ್ ಇತ್ತು ಏಟ್ ಯೂನಿಟ್ ಕೊಟ್ಟೆ, ಡಾಕ್ಟರಿಗೆ ಹೇಳಿದೀನಿ, ಆಮೇಲೆ ಕ್ಯಾಥೆಟರ್ ಮೂರು ಗಂಟೆಗೆ ತೆಗ್ದೆ, ಅಲ್ಲ ಅಲ್ಲ ಶುಗರ್ ನೋಡಿದ್ಮೇಲೆ ತೆಗ್ದಿದ್ದು, ನಾಲ್ಕೂವರೆ ಇರ್ಬೇಕು, ಹಾಂ ನೈನಿಗೆ ಬ್ಲಡ್ ಬರ್ಬೇಕು ಮರೀಬೇಡ ಕಣೇ, ಆಂಟಿಬಯಾಟಿಕ್ ಟೆನ್ನಿಗೆ ಇದೆ, ನೋವಿಗೆ ಟ್ರಮಡಾಲ್ ಹೋಗಿದೆ, ಮಗಳು ಇದಾಳೆ ಸ್ವಲ್ಪ ಜೋರು, ಅಷ್ಟೇ, ಎಲ್ಲ ಚೆನ್ನಾಗಿದೆ."

ಎಷ್ಟು ಆರಾಮಾಗಿ ಕೇಳ್ಸುತ್ತೆ ನೋಡಿ! ನಾನು ಕೇಳ್ದೆ, ನನ್ನ ಚೆಂದದ ಅಕ್ಷರದಲ್ಲಿ ಬರ್ದೆ: ವೈಟಲ್ಸ್ ಸ್ಟೇಬಲ್, ಕ್ಯಾಥೆಟರ್ ತೆಗೆಯಲಾಗಿದೆ, ಯೂರಿನ್ ಪಾಸ್ ಮಾಡುತ್ತಿದ್ದಾರೆ. ಆ ಕೊನೇದನ್ನ ಯಾರು ಹೇಳಿದ್ರು? ಯಾರೂ ಹೇಳಿಲ್ಲ. ಕ್ಯಾಥೆಟರ್ ತೆಗ್ದಿದೆ, ಎಲ್ಲ ಚೆನ್ನಾಗಿದೆ ಅಂತಿದಾರೆ, ಅಂದ್ಮೇಲೆ ಮೂತ್ರ ಹೋಗಿರುತ್ತೆ ಅಂತ ನನ್ನ ತಲೆಯೇ ಸೇರಿಸ್ತು, ಕೈ ಬರೀತು.

ರಾತ್ರಿ ಡ್ಯೂಟಿಯ ಹುಡುಗಿ ನೋಟ್ ಓದಿದ್ಲು. ಮೂತ್ರದ ವಿಷಯ ಸರಿಯಿದೆ ಅಂತ ಇನ್‌ಚಾರ್ಜ್ ಸಿಸ್ಟರೇ ಬರ್ದಿದಾರಲ್ಲ, ಅವಳು ಯಾಕೆ ಕೇಳ್ತಾಳೆ? ಹನ್ನೆರಡು ಗಂಟೆ ಹೊತ್ತಿಗೆ ಅಂಕಲ್ ಹೊರಳಾಡೋಕೆ ಶುರು ಮಾಡಿದ್ರು. ಕಾಲು ನೋವು ಅಂದ್ಕೊಂಡು ಡಾಕ್ಟರಿಗೆ ಫೋನ್ ಮಾಡಿ ಇನ್ನೊಂದು ಟ್ರಮಡಾಲ್ ಹಾಕಿದ್ರು. ಮಗಳು, ಅದೇ ಜೋರು ಮಗಳು, ನಮ್ಮಪ್ಪಂಗೆ ಹೊಟ್ಟೆ ಕಲ್ಲಾಗಿದೆ ಬಂದು ಮುಟ್ಟಿ ನೋಡಿ ಅಂತ ಎರಡು ಸಲ ಬಂದು ಹೇಳಿದಾಳೆ. ಎರಡೂಕಾಲಿಗೆ ಯಾರೋ ಹೊಟ್ಟೆ ಮುಟ್ಟಿದ್ರು. ಮತ್ತೆ ಕ್ಯಾಥೆಟರ್ ಹಾಕಿದ್ರೆ ಸಾವಿರದ ನೂರು ಎಂಎಲ್ ಬಂತು. ನಮಗೆಲ್ಲ ಮುನ್ನೂರು ನಾನೂರಿಗೇ ಬಾತ್ರೂಮ್ ನೆನಪಾಗುತ್ತೆ, ಲೆಕ್ಕ ಹಾಕಿ. ವಯಸ್ಸಾದ ಗಂಡಸು, ಸ್ಪೈನಲ್ ಆಗಿದೆ, ಮೇಲೆ ಟ್ರಮಡಾಲ್, ಅದಕ್ಕೂ ಮೇಲೆ ಹಳೇ ಡಯಾಬಿಟಿಸ್, ಅಂಥವರಿಗೆ ಬ್ಲ್ಯಾಡರ್ ತುಂಬಿದ್ದು ಸರಿಯಾಗಿ ಗೊತ್ತೇ ಆಗಲ್ಲ. ಮೂತ್ರ ಕಟ್ಟೋಕೆ ಇದಕ್ಕಿಂತ ಕಾರಣ ಬೇಕಾ? ಪುಣ್ಯಕ್ಕೆ ದೊಡ್ಡ ತೊಂದ್ರೆ ಆಗ್ಲಿಲ್ಲ, ಇನ್ನೂ ಮೂರು ದಿನ ಕ್ಯಾಥೆಟರ್ ಇಟ್ಕೊಂಡ್ರು ಪಾಪ. ಹೊರಟಾಗ ಮಗಳು ನನಗೊಂದು ನಮಸ್ಕಾರ ಹಾಕಿದ್ಲು, ಆ ನಮಸ್ಕಾರದ ಅರ್ಥ ನನಗೆ ಗೊತ್ತು.

ಅದಕ್ಕೇ ನಾನು ಬಡ್ಕೊಳ್ಳೋದು, ಹೇಳಿಲ್ಲ ಅಂದ್ರೆ ಇಲ್ಲ ಅಂತ ಅಲ್ಲ, ಇದೆ ಅಂತಲೂ ಅಲ್ಲ, ಹೇಳಿಲ್ಲ ಅಂತ ಅಷ್ಟೇ. ನೋಟಲ್ಲಿ ಅದಕ್ಕೇ ಒಂದು ಜಾಗ ಇರ್ಬೇಕು.

ಈಗ ಅದೇ ರೆಕಾರ್ಡಿಂಗ್ ಹೇಗೆ ಬರೀಬೇಕಿತ್ತು ಅಂತ ನೋಡೋಣ. ಮೊದಲ ಸಲ ಕೇಳುವಾಗ ಏನೂ ಬರೀಬೇಡಿ, ಯಾವ ಮಾತು ಯಾವ ಬೆಡ್ಡಿಂದು ಅಂತ ಗೆರೆ ಹಾಕಿ ಸಾಕು. ಯಾಕಂದ್ರೆ "ನೈನಿಗೆ ಬ್ಲಡ್ ಬರ್ಬೇಕು" ಅಂತ ಏಳರ ಮಧ್ಯೆ ಒಂಬತ್ತು ನುಗ್ಗಿದೆ. ಅಥವಾ ಒಂಬತ್ತು ಗಂಟೆಗೋ? ನಮ್ಮ ಕನ್ನಡದಲ್ಲಿ ಇದೊಂದು ಗ್ರಹಚಾರ, ಬೆಡ್ಡಿಗೂ "ಗೆ", ಗಂಟೆಗೂ "ಗೆ". "ಆಂಟಿಬಯಾಟಿಕ್ ಟೆನ್ನಿಗೆ" ಅಂದ್ರೆ ಹತ್ತನೇ ಬೆಡ್ಡಿಗಾ, ರಾತ್ರಿ ಹತ್ತು ಗಂಟೆಗಾ? ಗಂಟೆ ಆದ್ರೂ ಏಳನೇ ಬೆಡ್ಡಿಗಾ ಒಂಬತ್ತಕ್ಕಾ? ಎಷ್ಟು ಸಲ ರಿವೈಂಡ್ ಮಾಡಿದ್ರೂ ಉತ್ತರ ರೆಕಾರ್ಡಿಂಗಲ್ಲಿ ಸಿಗಲ್ಲ, ಮೆಡಿಸಿನ್ ಚಾರ್ಟಲ್ಲಿ ಸಿಗುತ್ತೆ. ಊಹೆ ಮಾಡಿ ಬರ್ದ್ರೆ ಒಬ್ಬರಿಗೆ ಎರಡು ಡೋಸ್, ಇನ್ನೊಬ್ಬರಿಗೆ ಸೊನ್ನೆ.

"ಕೊಡ್ಬೇಕಿತ್ತು" ಅನ್ನೋದು ಇದೇ ಜಾತಿಗೆ ಸೇರಿದ್ದು. "ಆರಕ್ಕೆ ಇನ್ಸುಲಿನ್ ಕೊಡ್ಬೇಕಿತ್ತು" ಅಂದ್ರೆ ಕೊಟ್ರಾ ಬಿಟ್ರಾ? ಮನೇಲಿ ಅತ್ತೆ "ಅನ್ನ ಮಾಡ್ಬೇಕಿತ್ತು" ಅಂದ್ರೆ ಮಾಡಿಲ್ಲ ಅಂತ ಅರ್ಥ, ನಮಗೆಲ್ಲ ತಕ್ಷಣ ತಿಳಿಯುತ್ತೆ, ವಾರ್ಡಲ್ಲಿ ಮಾತ್ರ ಯಾಕೋ ಆ ಬುದ್ಧಿ ಓಡಲ್ಲ.

ಎರಡನೇ ಸಲ ಕೇಳುವಾಗ ಬರೀರಿ. ಅವರೇ ತಿದ್ದಿಕೊಂಡಿದ್ರೆ ತಿದ್ದಿದ್ದನ್ನ ತಗೊಳ್ಳಿ, ಮೂರು ಗಂಟೆ ಹೋಯ್ತು, ನಾಲ್ಕೂವರೆ ಉಳೀತು, ಆದ್ರೆ "ಇರ್ಬೇಕು" ಅಂದಿದಾರಲ್ಲ, ಆ ಅನುಮಾನಾನೂ ನೋಟಿಗೆ ಬರ್ಬೇಕು. "ಬಿಪಿ ಎಲ್ಲ ಓಕೆ" ಅಂದ್ರೆ ನಂಬರ್ ಇಲ್ಲ. ಅದನ್ನ ವೈಟಲ್ಸ್ ಸ್ಟೇಬಲ್ ಅಂತ ಇಸ್ತ್ರಿ ಹಾಕ್ಬೇಡಿ. ಮಗಳು ಜೋರು ಅನ್ನೋದು ನೋಟಿಗೆ ಬೇಡ, ಮಗಳು ಜೊತೆಗಿದಾಳೆ ಅನ್ನೋದು ಬೇಕು. ಅಂದು ನಾನು ಇಷ್ಟು ಬರೀಬೇಕಿತ್ತು, ಅತ್ತೆ ಹೇಳೋ ಅರ್ಥದಲ್ಲೇ:

ಬೆಡ್ 7, ಡಯಾಬಿಟಿಕ್ ಫುಟ್, ಡಿಬ್ರೈಡ್ಮೆಂಟ್ ಆಗಿ 1ನೇ ದಿನ, ಸ್ಪೈನಲ್. ಮಗಳು ಜೊತೆಗಿದ್ದಾರೆ.
ಮೊದಲು ನೋಡಿ: ಕ್ಯಾಥೆಟರ್ ತೆಗೆದದ್ದು ಸಂಜೆ ಸುಮಾರು 4:30 (ಸಮಯ ಖಚಿತವಿಲ್ಲ). ಆಮೇಲೆ ಮೂತ್ರ ಹೋಗಿದೆಯೇ: ಹೇಳಿಲ್ಲ.
ಆದದ್ದು: ಬೆಳಿಗ್ಗೆ ಡಲ್, ಈಗ ಪರವಾಗಿಲ್ಲ ಎಂದರು. ಸಂಜೆ 4ಕ್ಕೆ ಶುಗರ್ 286, ಇನ್ಸುಲಿನ್ 8 ಯೂನಿಟ್ ಕೊಟ್ಟಿದೆ. ಡಾಕ್ಟರಿಗೆ ತಿಳಿಸಿದೆ. ಟ್ರಮಡಾಲ್ ಕೊಟ್ಟಿದೆ.
ಚಾರ್ಟ್ ನೋಡಿ: "ನೈನಿಗೆ ಬ್ಲಡ್", "ಆಂಟಿಬಯಾಟಿಕ್ ಟೆನ್ನಿಗೆ", ಬೆಡ್ಡೋ ಗಂಟೆಯೋ ಸ್ಪಷ್ಟವಿಲ್ಲ.
ಹೇಳಿಲ್ಲ: ಬಿಪಿ ನಂಬರ್, ಇನ್ಸುಲಿನ್ ಆದಮೇಲಿನ ಶುಗರ್, ಯಾವ ಡಾಕ್ಟರ್ ಏನಂದರು, ಟ್ರಮಡಾಲ್ ಎಷ್ಟು ಗಂಟೆಗೆ, ಅಲರ್ಜಿ.

ಅಲರ್ಜಿ ನೋಡಿ. ಅವರು ಬಾಯೇ ಬಿಟ್ಟಿಲ್ಲ. ಆದ್ರೆ ಫಾರ್ಮಲ್ಲಿ ಅಲರ್ಜಿ ಅಂತ ಖಾಲಿ ಜಾಗ ಇದ್ರೆ ಕೈ ತನಗೆ ತಾನೇ "ಇಲ್ಲ" ಅಂತ ಬರ್ದುಬಿಡುತ್ತೆ, ಖಾಲಿ ಜಾಗ ಕಂಡ್ರೆ ನಮ್ಮ ಸ್ಕೂಲ್ ಅಭ್ಯಾಸ, ಬಿಟ್ಟ ಸ್ಥಳ ತುಂಬಿರಿ! ಇನ್ನು ಯೂನಿಟ್ ಅಂತ ಪೂರ್ತಿ ಬರ್ದಿದೀನಿ ಗಮನಿಸಿ, ಇಂಗ್ಲಿಷಿನ ಯು ಅಂತ ಒಂದಕ್ಷರ ಹಾಕಿದ್ರೆ ಅದು ಸೊನ್ನೆ ಥರ ಕಂಡು ಎಂಟು ಎಂಬತ್ತಾಗುತ್ತೆ, ಇದೇನು ನನ್ನ ಕಲ್ಪನೆ ಅಲ್ಲ, ಆ ಕಾರಣಕ್ಕೇ ಅಮೆರಿಕದಲ್ಲಿ ಅದನ್ನ ಬರೀಲೇಬಾರದು ಅಂತ ಪಟ್ಟಿಗೆ ಹಾಕಿದಾರೆ.

ಇಲ್ಲಿ ಒಬ್ಬ ಜಾಣೆ ಕೇಳ್ತಾಳೆ, ಕ್ಯಾಥೆಟರ್ ತೆಗ್ದು ಆರು ತಾಸಿನ ಒಳಗೆ ಮೂತ್ರ ಹೋಗದಿದ್ರೆ ಡಾಕ್ಟರಿಗೆ ಹೇಳಿ ಅಂತ ನಾವೇ ಸೇರಿಸ್ಬಹುದಾ ಮೇಡಂ ಅಂತ. ಸೇರಿಸಿ, ಒಳ್ಳೇದೇ, ನೋಟಿನ ಕೆಳಗೆ ಬೇರೆ ಸಾಲಲ್ಲಿ, "ವಾರ್ಡ್ ನಿಯಮ" ಅಂತ ಗುರುತು ಹಾಕಿ. ಅವರು ಹೇಳಿದ್ದು ಯಾವುದು ನೀವು ಹೇಳಿದ್ದು ಯಾವುದು ಅಂತ ಓದೋರಿಗೆ ಗೊತ್ತಾಗ್ಬೇಕು, ಅನ್ನಕ್ಕೆ ಕಲ್ಲು ಬೆರೆಸಿದ ಹಾಗೆ ಬೆರೆಸ್ಬಾರದು.

ಈಗ ಸಾಫ್ಟ್‌ವೇರ್ ಬಂದಿದೆ, ಅದೇ ಕೇಳಿ ಅದೇ ಬರೀತದೆ, ಸಿಸ್ಟರ್‌ಗಳಿಗೆ ಟೈಮ್ ಉಳಿಯುತ್ತೆ ಅಂತಾರೆ. ಆಸ್ಟ್ರೇಲಿಯಾದ ನಿಕ್ಟಾ ಅನ್ನೋ ಸಂಶೋಧನಾ ಸಂಸ್ಥೆಯವರು ಇದಕ್ಕೇ ಅಂತ ನರ್ಸಿಂಗ್ ಹ್ಯಾಂಡೋವರ್ ಕಥೆಗಳನ್ನ ಕಟ್ಟಿದ್ರು, ನಿಜವಾದ ಪೇಷಂಟ್‌ಗಳದ್ದು ಹೊರಗೆ ಕೊಡೋ ಹಾಗಿಲ್ಲವಲ್ಲ, ಆಮೇಲೆ 2016ರಲ್ಲಿ ಕಂಪ್ಯೂಟರಿನಿಂದ ಅದನ್ನ ಫಾರ್ಮಿಗೆ ತುಂಬಿಸೋ ಸ್ಪರ್ಧೇನೂ ನಡೀತು. ಯಂತ್ರಕ್ಕೆ ನಾನು ವಿರೋಧ ಇಲ್ಲ, ಅದು ನನ್ನಂಗೆ ನಿದ್ದೆಗೆಡಲ್ಲ. ಆದ್ರೆ ಅದೂ ಫಿಫ್ಟೀನನ್ನ ಫಿಫ್ಟಿ ಅಂತ ಕೇಳಿಸ್ಕೊಳ್ಳುತ್ತೆ, ನಮ್ಮ ಮಲಯಾಳಿ ಸಿಸ್ಟರ್ ಕನ್ನಡ, ಮಂಗಳೂರು ಕನ್ನಡ, ಬೀದರ್ ಕನ್ನಡ ಎಲ್ಲ ಒಂದೇ ರೆಕಾರ್ಡಿಂಗಲ್ಲಿ ಇದ್ರೆ ಕೇಳೋದೇ ಬೇಡ. ಅದಕ್ಕಿಂತ ಅಪಾಯ ಅಂದ್ರೆ ಅದರ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ. "ಯೂರಿನ್ ಪಾಸ್ ಮಾಡುತ್ತಿದ್ದಾರೆ" ಅಂತ ಅದು ಬರ್ದ್ರೆ ಇನ್ನೂ ನಂಬ್ತೀವಿ. ಅದು ಬರ್ದ ನೋಟ್ ಬಂದಾಗ ಮೊದಲು "ಹೇಳಿಲ್ಲ" ಅನ್ನೋ ಸಾಲು ಇದೆಯಾ ನೋಡಿ. ಎರಡು ನಿಮಿಷದ ಗಡಿಬಿಡಿ ಮಾತಿಂದ ಒಂದೂ ಖಾಲಿ ಇಲ್ಲದ ಫಾರ್ಮ್ ಬಂದಿದ್ರೆ ಅದರೊಳಗೆ ಎಲ್ಲೋ ಒಂದು ಸುಳ್ಳು ಕೂತಿದೆ, ರೆಕಾರ್ಡಿಂಗ್ ಹಾಕಿ ಒಂದೊಂದೇ ಸಾಲು ಹೊಂದಿಸಿ ನೋಡಿ.

ಹಾಂ, ಮೇಡಂ ವಾಚ್ ತೋರಿಸ್ತಿದಾರೆ. ಐ-ಪಾಸ್ ಅನ್ನೋ ಇನ್ನೊಂದು ಹ್ಯಾಂಡೋವರ್ ಕ್ರಮದ ಬಗ್ಗೆ, ಐಸಿಯು ಹ್ಯಾಂಡೋವರ್ ಬಗ್ಗೆ ಹೇಳ್ಬೇಕು ಅಂತ ಸ್ಲೈಡ್ ಮಾಡಿದ್ದೆ, ಹೋಗ್ಲಿ. ಒಂದೇ ಒಂದು ಹೇಳಿಬಿಡ್ತೀನಿ, ಈ ನೋಟ್ ರೆಡಿ ಆಗ್ಬೇಕಾದ್ದು ಹೋಗೋ ಸಿಸ್ಟರ್ ಇನ್ನೂ ವಾರ್ಡಲ್ಲಿರುವಾಗ. ಬೆಡ್ ಹತ್ರ ಇಬ್ಬರೂ ನಿಂತು "ಹೇಳಿಲ್ಲ" ಅನ್ನೋ ಸಾಲು ಮಾತ್ರ ಓದಿ, ಬಿಪಿ ಎಷ್ಟಿತ್ತು, ಮೂತ್ರ ಹೋಯ್ತಾ ಅಂತ ಕೇಳಿದ್ರೆ ಅರ್ಧ ನಿಮಿಷ ಹಿಡಿಯುತ್ತೆ. ಪೇಷಂಟನ್ನೂ ಕೇಳಿ, ಮೂತ್ರ ಹೋಗಿದೆಯಾ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ. ಆ ಸಿಸ್ಟರ್ ಬಸ್ ಹತ್ತಿದ್ಮೇಲೆ ಸಿಗೋ ನೋಟ್ ಫೈಲಿಗೆ ಮಾತ್ರ ಸೈ.

ಅಲ್ಲಿ ಹಿಂದಿನ ಸಾಲಲ್ಲಿ ಯಾರೋ ಕೈ ಎತ್ತಿದಾರೆ, ಏನಮ್ಮಾ? ಆ ಟೆನ್ ಏನಾಯ್ತಾ? ಮರುದಿನ ಚಾರ್ಟ್ ತೆಗೆದು ನೋಡ್ದೆ. ಏಳನೇ ಬೆಡ್ಡಿನ ಆಂಟಿಬಯಾಟಿಕ್ ಇದ್ದದ್ದು ಒಂಬತ್ತು ಗಂಟೆಗೆ, ಹತ್ತಕ್ಕೆ ಅಲ್ಲವೇ ಅಲ್ಲ. ಸಾಯಂಕಾಲದ ರೌಂಡ್ಸಲ್ಲಿ ಹತ್ತನೇ ಬೆಡ್ಡಿಗೆ ಹೊಸದಾಗಿ ಬರ್ದಿದ್ರು. ನಾನು ಏಳರ ನೋಟಲ್ಲಿ "ರಾತ್ರಿ 10ಕ್ಕೆ" ಅಂತ ಹಾಕಿದ್ದೆ, ಆ ನೈಟ್ ಡ್ಯೂಟಿ ಹುಡುಗಿ ನನ್ನ ಅಕ್ಷರ ನಂಬದೆ ಎರಡೂ ಬೆಡ್ಡಿನ ಚಾರ್ಟ್ ನೋಡಿ ಸರಿಯಾಗಿ ಕೊಟ್ಟಿದ್ಲು.